ಪ್ರಶ್ನೆಪತ್ರಿಕೆ ನಿಜವಾಗಿ ಕಷ್ಟವಾಗಿದೆಯೇ?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮೂರಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಫಲಿತಾಂಶ ಮೇಲೇರಿದರೆ, “ಈಗಿನ ಪೇಪರ್ ಏನು ಪೇಪರ್ರೀ, ನಮ್ಮ ಕಾಲದ ಪೇಪರ್ ಇವರ ಕೈಲಿ ಬರೆಸಬೇಕಿತ್ತು” ಅನ್ನುತ್ತಾರೆ. ಕೆಳಗಿಳಿದರೆ, “ಮೇಷ್ಟ್ರು ಸರಿಯಾಗಿ ಪಾಠ ಮಾಡಿಲ್ಲ, ಮಕ್ಕಳು ಮೊಬೈಲ್ ಬಿಟ್ಟಿಲ್ಲ” ಅನ್ನುತ್ತಾರೆ. ಈ ಮಾತು ಕಟ್ಟೆಯ ಮೇಲೆ ಮುಗಿದುಹೋದರೆ ತೊಂದರೆ ಇರಲಿಲ್ಲ. ಆದರೆ ಇದೇ ಮಾತನ್ನು ನಂಬಿ ಒಬ್ಬ ತಂದೆ ಮಗಳನ್ನು ಮುಂದಕ್ಕೆ ಓದಿಸುವುದು ಬೇಡ ಎಂದು ತೀರ್ಮಾನಿಸುತ್ತಾನೆ. ಇದೇ ಮಾತಿನ ಆಧಾರದ ಮೇಲೆ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸು ಬರುತ್ತದೆ. ಆದ್ದರಿಂದ ಪತ್ರಿಕೆ ಕಷ್ಟವಾಗಿದೆಯೋ ಸುಲಭವಾಗಿದೆಯೋ ಎಂದು ತಿಳಿಯುವುದು ಹೇಗೆ ಎಂಬ ಒಂದೇ ವಿಷಯವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಉದಾಹರಣೆಗೆ ಗಣಿತದ ಪತ್ರಿಕೆಯನ್ನು ಇಟ್ಟುಕೊಳ್ಳುತ್ತೇನೆ. ನಮ್ಮ ಮಕ್ಕಳು ಹೆಚ್ಚು ಹೆದರುವುದು ಅದಕ್ಕೇ.

ಮೊದಲು ಎಲ್ಲರೂ ಹಿಡಿದುಕೊಳ್ಳುವ ಅಳತೆಗೋಲನ್ನೇ, ಅಂದರೆ ರಾಜ್ಯದ ಶೇಕಡಾ ಫಲಿತಾಂಶವನ್ನೇ ನೋಡೋಣ. 2019ರಲ್ಲಿ ಶೇ. 73.70. 2020ರಲ್ಲಿ ಶೇ. 71.80. 2021ರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನೂರು. 2022ರಲ್ಲಿ ಶೇ. 85.63, 2023ರಲ್ಲಿ ಶೇ. 83.89, 2024ರಲ್ಲಿ ಶೇ. 73.40. 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಈ ಅಂಕಿಗಳನ್ನು ಸಾಲಾಗಿ ಇಟ್ಟರೆ, ಪತ್ರಿಕೆ ಒಂದು ವರ್ಷ ಸುಲಭವಾಗಿ, ಆಮೇಲೆ ವರ್ಷವರ್ಷವೂ ಕಷ್ಟವಾಗುತ್ತ ಬಂದಿದೆ ಎಂದು ಅನ್ನಿಸುತ್ತದೆ. ಹಾಗೆ ಹೇಳುವುದಕ್ಕೆ ಬರುವುದಿಲ್ಲ. ಏಕೆಂದರೆ ಪ್ರತಿ ವರ್ಷವೂ ಪತ್ರಿಕೆಯ ಜೊತೆಗೆ ಬೇರೆ ಏನೋ ಒಂದು ಬದಲಾಗಿದೆ.

2021ರಲ್ಲಿ ಕೋವಿಡ್ ಇತ್ತು. ಗಣಿತ, ವಿಜ್ಞಾನ, ಸಮಾಜ ಮೂರೂ ಸೇರಿ ಒಂದೇ ದಿನ, ಒಂದೊಂದಕ್ಕೆ 40ರಂತೆ ಒಟ್ಟು 120 ಅಂಕಗಳ ಬಹು ಆಯ್ಕೆಯ ಪ್ರಶ್ನೆಗಳು. ಉತ್ತರ ಬರೆದದ್ದು ಓಎಂಆರ್ ಹಾಳೆಯ ಮೇಲೆ. ಪರೀಕ್ಷೆಗೆ ಕುಳಿತವರನ್ನು ಅನುತ್ತೀರ್ಣಗೊಳಿಸುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ತೀರ ಕುಸಿಯುವುದನ್ನು ಕಂಡು ಆ ವರ್ಷ ಕೃಪಾಂಕವನ್ನು ಹೆಚ್ಚಿಸಿದರು. ಅದನ್ನೂ ಸೇರಿಸಿದ ಮೇಲೆ ಬಂದದ್ದು ಶೇ. 73.40. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಹೋಯಿತು, ಕ್ಯಾಮೆರಾ ಉಳಿಯಿತು. ಹಾಗಾದರೆ 2024ರಿಂದ 2025ಕ್ಕೆ ಆದ ಇಳಿಕೆಯಲ್ಲಿ ಪತ್ರಿಕೆಯ ಪಾಲೆಷ್ಟು, ನಿಯಮದ ಪಾಲೆಷ್ಟು? ಶೇಕಡಾ ಫಲಿತಾಂಶ ಎಂಬ ಒಂದು ಅಂಕಿಯಿಂದ ಅದನ್ನು ಬಿಡಿಸಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ತಕ್ಕಡಿಯ ಒಂದೇ ತಟ್ಟೆಯಲ್ಲಿ ನಾಲ್ಕು ಸಾಮಾನು ಹಾಕಿ ತೂಗಿದ ಮೇಲೆ, ಅದರಲ್ಲಿ ಬೆಲ್ಲ ಎಷ್ಟು ಎಂದು ಕೇಳಿದ ಹಾಗೆ ಅದು.

ಇನ್ನೊಂದು ವಿಷಯ ಗಮನಿಸಿ. ಶೇಕಡಾ ಫಲಿತಾಂಶ ನೋಡುವುದು ಉತ್ತೀರ್ಣದ ಗೆರೆಯ ಆಸುಪಾಸಿನ ಮಕ್ಕಳನ್ನು ಮಾತ್ರ. ಮೇಲಿನ ತುದಿಯಲ್ಲಿ ಏನಾಯಿತು ಎಂದು ಅದು ಹೇಳುವುದಿಲ್ಲ. 2022ಕ್ಕೂ 2023ಕ್ಕೂ ಫಲಿತಾಂಶದಲ್ಲಿ ಎರಡು ಅಂಶದಷ್ಟೂ ವ್ಯತ್ಯಾಸವಿಲ್ಲ. ಆದರೆ 625ಕ್ಕೆ 625 ತೆಗೆದವರು 2022ರಲ್ಲಿ 145 ಜನ, 2023ರಲ್ಲಿ ಕೇವಲ 4 ಜನ. 2022ರ ಮಕ್ಕಳಿಗೆ ಕೋವಿಡ್ ಕಾರಣದಿಂದ ಪಠ್ಯದಲ್ಲಿ ಒಂದಿಷ್ಟು ಭಾಗ ಕಡಿಮೆ ಮಾಡಿದ್ದರು. ಮರುವರ್ಷ ಅದು ಪೂರ್ತಿ ವಾಪಸು ಬಂತು. ತುದಿಯಲ್ಲಿರುವ ಮಕ್ಕಳಿಗೆ ದಾರಿ ಕಡಿದಾಯಿತು, ಗೆರೆಯ ಹತ್ತಿರದ ಮಕ್ಕಳಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ಆದ್ದರಿಂದ “ಪತ್ರಿಕೆ ಕಷ್ಟವೇ?” ಎಂದು ಕೇಳಿದವರಿಗೆ ನಾವು ಕೇಳಬೇಕಾದ ಮರುಪ್ರಶ್ನೆ ಒಂದಿದೆ: “ಯಾವ ಮಗುವಿಗೆ?”

ಈಗ ಪತ್ರಿಕೆಯನ್ನೇ ಕೈಗೆ ತೆಗೆದುಕೊಳ್ಳೋಣ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಂದು ಉದ್ದ ಹಾಳೆ, ಒಂದು ಸ್ಕೇಲು ಸಾಕು. ಎರಡು ವರ್ಷದ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು, ಮೊದಲು ಒಂದೊಂದು ಅಂಕದ ಪ್ರಶ್ನೆ ಎಷ್ಟು, ಎರಡರದ್ದು ಎಷ್ಟು ಎಂದು ಎಣಿಸಬೇಕು. ಇದು ಪತ್ರಿಕೆಯ ಮಾದರಿ. ಆಮೇಲೆ ಒಂದೊಂದು ಪ್ರಶ್ನೆಯನ್ನೂ ಓದಬೇಕು. ಅದು ಪತ್ರಿಕೆಯ ಕಾಠಿಣ್ಯ. ಇವೆರಡೂ ಬೇರೆಬೇರೆ. ಒಂದು ಬದಲಾಗದೆ ಇನ್ನೊಂದು ಬದಲಾಗಬಹುದು.

ಯಾವ ವರ್ಷಗಳನ್ನು ಪಕ್ಕಪಕ್ಕ ಇಡಬಹುದು ಎಂಬುದಕ್ಕೂ ಒಂದು ಮಿತಿ ಇದೆ. ನನ್ನ ವಾರಗೆಯವರು ಬರೆದದ್ದು 100 ಅಂಕಗಳ ಲಿಖಿತ ಪರೀಕ್ಷೆ. 2015ರಿಂದ ಅದು 80 ಅಂಕಕ್ಕೆ ಇಳಿದು, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಹೋಯಿತು. ಆಮೇಲೆ ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂತು. ನಾವು ಹತ್ತನೇ ತರಗತಿಯಲ್ಲಿ ಮಾಡಿದ ಕ್ರಮಯೋಜನೆ, ವಿಕಲ್ಪಗಳ ಲೆಕ್ಕ ಈಗಿನ ಪುಸ್ತಕದಲ್ಲಿ ಇಲ್ಲ. ಪಠ್ಯವೇ ಬೇರೆಯಾದ ಮೇಲೆ ನಮ್ಮ ಪತ್ರಿಕೆ ಕಷ್ಟವೋ ಇವರದ್ದು ಕಷ್ಟವೋ ಎಂದು ತೂಗುವುದು ಹಲಸಿನ ಹಣ್ಣನ್ನೂ ಮಾವಿನ ಹಣ್ಣನ್ನೂ ಹೋಲಿಸಿದಂತೆ. ಹಿರಿಯರು ದಯವಿಟ್ಟು ಕ್ಷಮಿಸಬೇಕು, “ನಮ್ಮ ಕಾಲದ ಪೇಪರ್” ಎಂಬ ಮಾತು ಇಲ್ಲಿಗೇ ನಿಲ್ಲುತ್ತದೆ. ಹೋಲಿಸುವುದಾದರೆ ಒಂದೇ ಪುಸ್ತಕ ಓದಿ ಬರೆದ ವರ್ಷಗಳನ್ನು ಹೋಲಿಸಬೇಕು.

ಅಂಥ ಒಂದು ಜೋಡಿ 2019 ಮತ್ತು 2020. ಎರಡೂ 80 ಅಂಕದ ಪತ್ರಿಕೆಗಳೇ. 2019ರದ್ದರಲ್ಲಿ 40 ಪ್ರಶ್ನೆಗಳು: ಒಂದು ಅಂಕದ್ದು 14, ಎರಡು ಅಂಕದ್ದು 16, ಮೂರು ಅಂಕದ್ದು 6, ನಾಲ್ಕು ಅಂಕದ್ದು 4. 2020ರದ್ದರಲ್ಲಿ 38 ಪ್ರಶ್ನೆಗಳು: ಒಂದು ಅಂಕದ್ದು 16, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಹೊಸದಾಗಿ ಐದು ಅಂಕದ್ದು 1. ಮೇಲುನೋಟಕ್ಕೆ ಎರಡು ಪ್ರಶ್ನೆ ಕಡಿಮೆಯಾಗಿವೆ, ಅಷ್ಟೇ. ಆದರೆ ಅಂಕಗಳನ್ನು ಕೂಡಿಸಿ ನೋಡಿ. ಒಂದು ಮತ್ತು ಎರಡು ಅಂಕದ ಸಣ್ಣ ಪ್ರಶ್ನೆಗಳಿಗೆ ಹಳೆಯ ಮಾದರಿಯಲ್ಲಿ ಒಟ್ಟು 46 ಅಂಕ ಇತ್ತು. ಹೊಸ ಮಾದರಿಯಲ್ಲಿ 32. ಮೂರು ಅಂಕ ಮತ್ತು ಅದಕ್ಕಿಂತ ಮೇಲಿನ ದೊಡ್ಡ ಪ್ರಶ್ನೆಗಳಿಗೆ ಮೊದಲು 34 ಇತ್ತು. ಈಗ 48. ಅಂದರೆ 14 ಅಂಕಗಳು ಸಣ್ಣ ಪ್ರಶ್ನೆಗಳ ಕಡೆಯಿಂದ ದೊಡ್ಡ ಪ್ರಶ್ನೆಗಳ ಕಡೆಗೆ ಸರಿದಿವೆ.

ಇದರ ಪರಿಣಾಮವನ್ನು ಇಬ್ಬರು ಮಕ್ಕಳ ಮೇಲೆ ಲೆಕ್ಕ ಹಾಕೋಣ. ಇವರು ನಾನು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಮಕ್ಕಳು. ಮೊದಲನೆಯವಳು ಚೆನ್ನಾಗಿ ಓದುವ ಹುಡುಗಿ. ಸಣ್ಣ ಪ್ರಶ್ನೆಗಳಲ್ಲಿ ನೂರಕ್ಕೆ 95, ದೊಡ್ಡವುಗಳಲ್ಲಿ ನೂರಕ್ಕೆ 90ರಂತೆ ಅಂಕ ತೆಗೆಯುತ್ತಾಳೆ. ಹಳೆಯ ಮಾದರಿಯಲ್ಲಿ ಅವಳಿಗೆ 74.3 ಬರುತ್ತದೆ, ಹೊಸದರಲ್ಲಿ 73.6. ಒಂದು ಅಂಕದ ವ್ಯತ್ಯಾಸವೂ ಇಲ್ಲ. ಅವಳನ್ನು ಕೇಳಿದರೆ “ಪೇಪರ್ ಏನೂ ಬದಲಾಗಿಲ್ಲ ಸರ್” ಅನ್ನುತ್ತಾಳೆ.

ಎರಡನೆಯವಳು ಮನೆಯಲ್ಲಿ ಎಮ್ಮೆ ನೋಡಿಕೊಂಡು, ತಮ್ಮನನ್ನು ಎತ್ತಿಕೊಂಡು ಓದುವ ಹುಡುಗಿ. ಸಣ್ಣ ಪ್ರಶ್ನೆಗಳಲ್ಲಿ ನೂರಕ್ಕೆ 60ರಷ್ಟು ತೆಗೆಯುತ್ತಾಳೆ. ದೊಡ್ಡ ಪ್ರಶ್ನೆಗಳನ್ನು ಕಂಡರೆ ಕೈಬಿಡುತ್ತಾಳೆ, ಅಲ್ಲಿ ನೂರಕ್ಕೆ 10 ಮಾತ್ರ. ಹಳೆಯ ಮಾದರಿಯಲ್ಲಿ ಅವಳಿಗೆ ಸಣ್ಣ ಪ್ರಶ್ನೆಗಳಿಂದ 27.6, ದೊಡ್ಡವುಗಳಿಂದ 3.4, ಒಟ್ಟು 31. 2025ರವರೆಗೆ ಇದ್ದ ಶೇ. 35ರ ಲೆಕ್ಕದಲ್ಲಿ 80ಕ್ಕೆ 28 ಬೇಕಿತ್ತು. ಅವಳು ಪಾಸು. ಹೊಸ ಮಾದರಿಯಲ್ಲಿ 19.2 ಮತ್ತು 4.8, ಒಟ್ಟು 24. ಅವಳು ಫೇಲು. ಹುಡುಗಿ ಅದೇ, ಓದು ಅದೇ, ಕಲಿಸಿದ ಮೇಷ್ಟ್ರು ಅವರೇ. ಒಂದು ಪ್ರಶ್ನೆಯೂ ಮೊದಲಿಗಿಂತ ಕಷ್ಟವಾಗಬೇಕಾಗಿಲ್ಲ. ಅಂಕಗಳು ಜಾಗ ಬದಲಾಯಿಸಿದ್ದಷ್ಟೇ ಸಾಕು.

ಇಷ್ಟಾದರೂ, 2020ರ ರಾಜ್ಯದ ಫಲಿತಾಂಶ ಹಿಂದಿನ ವರ್ಷಕ್ಕಿಂತ ಇಳಿದದ್ದು ಎರಡು ಅಂಶಕ್ಕಿಂತ ಕಡಿಮೆ. ಹಾಗಾದರೆ ಮಾದರಿ ಬದಲಾವಣೆಯಿಂದ ಏನೂ ಆಗಲಿಲ್ಲವೇ? ಅದನ್ನೂ ಹೇಳಲಾಗದು. ಮಾರ್ಚಿಯಲ್ಲಿ ನಡೆಯಬೇಕಿದ್ದ ಪರೀಕ್ಷೆ ಲಾಕ್‌ಡೌನ್‌ನಿಂದಾಗಿ ಜೂನ್ ಕೊನೆಗೆ ಹೋಯಿತು. ಮಕ್ಕಳಿಗೆ ಮೂರು ತಿಂಗಳು ಹೆಚ್ಚು ಸಿಕ್ಕಿತು. ಆ ಮೂರು ತಿಂಗಳು ಕೆಲವರಿಗೆ ಓದಲು ಅನುಕೂಲವಾಗಿರಬಹುದು, ಕೆಲವರಿಗೆ ಪುಸ್ತಕವೇ ಮರೆತುಹೋಗಿರಬಹುದು. ಎಳೆಯುವ ಕೈ ಒಂದು ಕಡೆ, ತಳ್ಳುವ ಕೈ ಇನ್ನೊಂದು ಕಡೆ ಇದ್ದಾಗ, ಗಾಡಿ ನಿಂತಲ್ಲೇ ನಿಂತಿದೆ ಎಂದು ಯಾರೂ ಬಲ ಹಾಕಲಿಲ್ಲ ಅನ್ನಬಾರದು.

ಮಾದರಿಯ ಎಣಿಕೆ ಆದ ಮೇಲೆ ಪ್ರಶ್ನೆಗಳನ್ನು ಓದಬೇಕು ಎಂದೆ. ಎರಡು ಅಂಕಕ್ಕೆ ಕೇಳುತ್ತಿದ್ದ ಲೆಕ್ಕವನ್ನೇ ಈಗ ಮೂರು ಅಂಕಕ್ಕೆ ಕೇಳಿದ್ದರೆ, ಪಟ್ಟಿಯಲ್ಲಿ ಕಷ್ಟವಾದಂತೆ ಕಂಡರೂ ಮಗುವಿಗೆ ಲಾಭವೇ. ಅದನ್ನು ತಿಳಿಯಲು ಒಂದೊಂದು ಪ್ರಶ್ನೆಗೂ ಎಷ್ಟು ಹೆಜ್ಜೆ ಬೇಕು, ಅದು ಪಠ್ಯಪುಸ್ತಕದಲ್ಲಿ ಇದ್ದ ಹಾಗೆಯೇ ಬಂದಿದೆಯೇ ಎಂದು ಪಕ್ಕದಲ್ಲಿ ಗುರುತು ಹಾಕುತ್ತ ಹೋಗಬೇಕು.

ಸಮಾಂತರ ಶ್ರೇಢಿಯನ್ನೇ ನೋಡಿ. “2, 5, 8, … ಈ ಶ್ರೇಢಿಯ 20ನೇ ಪದ ಕಂಡುಹಿಡಿಯಿರಿ” ಅಂದರೆ a + (n − 1)d ಸೂತ್ರದಲ್ಲಿ ಬೆಲೆ ಹಾಕಿದರೆ 59 ಬರುತ್ತದೆ. ಒಂದೇ ಹೆಜ್ಜೆ. “7ರಿಂದ ಭಾಗವಾಗುವ ಮೂರಂಕಿಯ ಸಂಖ್ಯೆಗಳು ಎಷ್ಟು?” ಅಂದರೆ ಮಗು ಮೊದಲ ಸಂಖ್ಯೆ 105, ಕೊನೆಯದು 994 ಎಂದು ತಾನೇ ಹುಡುಕಬೇಕು, ಇದು ಶ್ರೇಢಿ ಎಂದು ತಾನೇ ಗುರುತಿಸಬೇಕು, ಆಮೇಲೆ ಸೂತ್ರ. ಉತ್ತರ 128. ನೋಡುವವರಿಗೆ ಇದು ಕಷ್ಟದ ಪ್ರಶ್ನೆ. ಆದರೆ ಇದು ಪಠ್ಯಪುಸ್ತಕದ ಅಭ್ಯಾಸದಲ್ಲೇ ಇದೆ. ಬಾಯಿಪಾಠ ಮಾಡಿದ ಮಗುವಿಗೆ ಇದು ಮೊದಲನೆಯದಕ್ಕಿಂತ ಸುಲಭ. 7ರ ಜಾಗದಲ್ಲಿ 9 ಹಾಕಿ ಕೊಡಿ. ಮೊದಲ ಸಂಖ್ಯೆ 108, ಕೊನೆಯದು 999, ಉತ್ತರ ಸರಿಯಾಗಿ 100. ಲೆಕ್ಕ ಇನ್ನೂ ಸಲೀಸಾಯಿತು. ಆದರೆ 128 ಎಂದು ಬಾಯಿಪಾಠ ಮಾಡಿದವನು ಇಲ್ಲಿ ನಿಂತುಬಿಡುತ್ತಾನೆ. ಕಾಠಿಣ್ಯ ಎಂಬುದು ಪ್ರಶ್ನೆಯಲ್ಲಿ ಅರ್ಧ ಇರುತ್ತದೆ, ಆ ಮಗು ಹಿಂದೆ ಏನು ಮಾಡಿತ್ತು ಎಂಬುದರಲ್ಲಿ ಇನ್ನರ್ಧ ಇರುತ್ತದೆ. ಆದ್ದರಿಂದ ದೊಡ್ಡವರು ಪತ್ರಿಕೆ ಓದಿ “ಸುಲಭ” ಅಂದರೆ ಅದನ್ನು ಪೂರ್ತಿ ನಂಬಬಾರದು. ಮಕ್ಕಳ ಕೈಯಲ್ಲಿ ಬರೆಸಿಯೇ ತಿಳಿಯಬೇಕು.

ಹೇಗೆ ಬರೆಸುವುದು? ಒಂದು ವರ್ಷದ ಮಕ್ಕಳ ಅಂಕವನ್ನು ಇನ್ನೊಂದು ವರ್ಷದ ಮಕ್ಕಳ ಅಂಕದ ಜೊತೆ ಹೋಲಿಸಿದರೆ ಮಕ್ಕಳೂ ಬೇರೆ, ಪತ್ರಿಕೆಯೂ ಬೇರೆ. ಆದ್ದರಿಂದ ಎರಡು ಪತ್ರಿಕೆಯನ್ನೂ ಒಂದೇ ಮಕ್ಕಳಿಗೆ ಕೊಡಬೇಕು. ತರಗತಿಯಲ್ಲಿ 40 ಮಕ್ಕಳಿದ್ದಾರೆ ಅನ್ನಿ. ಹಾಜರಿಯಲ್ಲಿ ಬೆಸ ಸಂಖ್ಯೆಯವರಿಗೆ ಈ ಶನಿವಾರ ಹಳೆಯ ಪತ್ರಿಕೆ, ಸಮ ಸಂಖ್ಯೆಯವರಿಗೆ ಹೊಸದು. ಮುಂದಿನ ಶನಿವಾರ ಅದಲುಬದಲು. ಅದಲುಬದಲು ಯಾಕೆಂದರೆ, ಎರಡನೆಯ ಸಲ ಬರೆಯುವಾಗ ಕೈ ಪಳಗಿರುತ್ತದೆ. ಎಲ್ಲರಿಗೂ ಹಳೆಯದನ್ನೇ ಮೊದಲು ಕೊಟ್ಟರೆ ಹೊಸದು ಸುಳ್ಳುಸುಳ್ಳೇ ಸುಲಭವಾಗಿ ಕಾಣುತ್ತದೆ. ಎರಡೂ ಪತ್ರಿಕೆಯನ್ನು ಮಕ್ಕಳು ಮೊದಲೇ ಬಿಡಿಸಿರಬಾರದು. ಎರಡನ್ನೂ ಒಬ್ಬರೇ ಶಿಕ್ಷಕರು, ಮಂಡಳಿಯ ಮಾದರಿ ಉತ್ತರಗಳನ್ನು ಎದುರಿಗಿಟ್ಟುಕೊಂಡು ತಿದ್ದಬೇಕು. ಪತ್ರಿಕೆಯ ತಲೆಯ ಮೇಲೆ ಮುದ್ರಿಸಿರುವಷ್ಟೇ ಸಮಯ ಕೊಡಬೇಕು.

ತಿದ್ದಿದ ಮೇಲೆ ಒಟ್ಟು ಅಂಕಕ್ಕಿಂತ ಮೊದಲು ಒಂದೊಂದು ಪ್ರಶ್ನೆಯನ್ನು ನೋಡಬೇಕು. ಮೂರು ಅಂಕದ ಒಂದು ಪ್ರಶ್ನೆಯನ್ನು 40 ಮಕ್ಕಳು ಬರೆದರೆ ಸಿಗಬಹುದಾದದ್ದು 120 ಅಂಕ. ಸಿಕ್ಕಿದ್ದು 72 ಅಂದರೆ ನೂರಕ್ಕೆ 60. ಇನ್ನೊಂದು ಪ್ರಶ್ನೆಯಲ್ಲಿ ನೂರಕ್ಕೆ 15 ಬಂದಿದ್ದರೆ, ಅಲ್ಲಿ ನಿಂತು ಯಾಕೆ ಎಂದು ಕೇಳಬೇಕು. ಪ್ರಶ್ನೆಯ ಕನ್ನಡ ಅರ್ಥವಾಗಲಿಲ್ಲವೋ, ಆ ಪಾಠವೇ ಆಗಿರಲಿಲ್ಲವೋ, ಸಮಯ ಸಾಲಲಿಲ್ಲವೋ. ಉತ್ತರಪತ್ರಿಕೆಯಲ್ಲಿ ಅದಕ್ಕೆ ಗುರುತು ಇರುತ್ತದೆ. ಸಮಯ ಸಾಲದಿದ್ದರೆ ಕೊನೆಯ ಪ್ರಶ್ನೆಗಳೆಲ್ಲ ಖಾಲಿ ಇರುತ್ತವೆ. ಅರ್ಥವಾಗದಿದ್ದರೆ ನಡುವೆ ಒಂದು ಮಾತ್ರ ಖಾಲಿ ಇರುತ್ತದೆ.

ಆಮೇಲೆ ಒಟ್ಟು ಅಂಕ. ಹೊಸ ಪತ್ರಿಕೆಯಲ್ಲಿ ಕಡಿಮೆ ಅಂಕ ಬಂದವರು 22 ಮಕ್ಕಳು, ಹೆಚ್ಚು ಬಂದವರು 18 ಆದರೆ, ಅದರಿಂದ ಏನೂ ತೀರ್ಮಾನಿಸಬೇಡಿ. ನಾಣ್ಯವನ್ನು 40 ಸಲ ಚಿಮ್ಮಿದರೂ ಅಷ್ಟು ವ್ಯತ್ಯಾಸ ಬರುತ್ತದೆ. 28 ಅಥವಾ 30 ಮಕ್ಕಳಿಗೆ ಕಡಿಮೆ ಬಂದರೆ ಆಗ ಪತ್ರಿಕೆಯಲ್ಲಿ ಏನೋ ಇದೆ ಎಂದು ತಿಳಿಯಬಹುದು. ಹಾಗೆ ತಿಳಿದರೂ ಅದು ನಮ್ಮ ಶಾಲೆಯ ಮಕ್ಕಳ ಮಟ್ಟಿಗೆ ನಿಜ, ರಾಜ್ಯಕ್ಕೆಲ್ಲ ಅನ್ವಯಿಸುವ ಮಾತಲ್ಲ. ನಮಗೆ ಬೇಕಾದದ್ದು ನಮ್ಮ ಶಾಲೆಯ ಮಾತೇ.

ಇನ್ನು ಇದರಿಂದ ನಾವು ಮಾಡಬೇಕಾದದ್ದೇನು? ನಿಧಾನವಾಗಿ ಕಲಿಯುವ ಮಕ್ಕಳಿಗೆ ಶಾಲೆಗಳಲ್ಲಿ ಪಾಸಿಂಗ್ ಪ್ಯಾಕೇಜ್ ಎಂದು ಆಯ್ದ ಪ್ರಶ್ನೆಗಳನ್ನು ಮಾಡಿಸುತ್ತಾರೆ. ಅದರಲ್ಲಿ ಬರೀ ಸಣ್ಣ ಪ್ರಶ್ನೆಗಳನ್ನೇ ತುಂಬಿದರೆ, 46 ಅಂಕ ಸಿಗುತ್ತಿದ್ದ ಕಾಲದ ಉಪಾಯವನ್ನು 32 ಸಿಗುವ ಕಾಲದಲ್ಲಿ ಬಳಸಿದಂತೆ ಆಗುತ್ತದೆ. ನಮ್ಮ ಲೆಕ್ಕದ ಎರಡನೆಯ ಹುಡುಗಿಗೆ ಹೊಸ ಮಾದರಿಯಲ್ಲಿ ಸಣ್ಣ ಪ್ರಶ್ನೆಗಳಿಂದ 19.2 ಬಂದಿತ್ತು. ಆಗಿನ ನಿಯಮದ 28ಕ್ಕೆ ಇನ್ನು ಬೇಕಿದ್ದದ್ದು 9 ಅಂಕ. ಮೂರು ಅಂಕದ ಪ್ರಶ್ನೆಗಳು 9 ಇವೆ. ಒಂದೊಂದರಲ್ಲೂ ಒಂದೊಂದು ಅಂಕ ಸಿಕ್ಕರೆ ಅವಳು ಗೆರೆ ದಾಟುತ್ತಾಳೆ. ಒಂದು ಲೆಕ್ಕವನ್ನೂ ಅವಳು ಪೂರ್ತಿ ಮಾಡಬೇಕಾಗಿಲ್ಲ.

ಆ ಒಂದು ಅಂಕ ಹಂತಕ್ಕೆ ಸಿಗುವ ಅಂಕ. ದತ್ತಾಂಶ ಬರೆಯುವುದು, ಸರಿಯಾದ ಸೂತ್ರ ಬರೆಯುವುದು, ಸೂತ್ರದಲ್ಲಿ ಬೆಲೆ ಹಾಕುವುದು, ರೇಖಾಗಣಿತವಾದರೆ ಚಿತ್ರ ಬರೆದು ಹೆಸರಿಸುವುದು. ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಹಂತಗಳ ಎದುರಿಗೆ ಅರ್ಧ, ಒಂದು ಎಂದು ಅಂಕ ಹಂಚಿರುತ್ತಾರೆ. ದೊಡ್ಡ ಪ್ರಶ್ನೆಯನ್ನು ಖಾಲಿ ಬಿಟ್ಟ ಮಗುವಿಗೆ ಕೊಡಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಡಿಸೆಂಬರಿನಿಂದ ದಿನಕ್ಕೆ ಒಂದು ಮೂರು ಅಂಕದ ಪ್ರಶ್ನೆ ಕೊಟ್ಟು, “ಉತ್ತರ ಬೇಡ, ಮೊದಲ ಎರಡು ಸಾಲು ಬರೆ” ಎಂದು ಅಭ್ಯಾಸ ಮಾಡಿಸಬಹುದು. ಗುರುಗಳಿಗೆ ಇದು ಹೊಸದಲ್ಲ. ಎಷ್ಟು ಒತ್ತು ಕೊಡಬೇಕು ಎಂಬುದನ್ನು ಮಾತ್ರ ಈ ಎಣಿಕೆ ತೋರಿಸುತ್ತದೆ.

ಶಾಲೆಯ ಬೀರುವಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇದೆ. ಅದರ ಜೊತೆಗೆ ಪ್ರತಿ ವರ್ಷವೂ ಒಂದು ಹಾಳೆ ಇಡೋಣ. ಆ ವರ್ಷ ಯಾವ ಮಾದರಿ, ಪಾಸಿಗೆ ಯಾವ ನಿಯಮ, ಕೃಪಾಂಕ ಎಷ್ಟು, ಕೊಠಡಿಯಲ್ಲಿ ಯಾವ ವ್ಯವಸ್ಥೆ, ಪಠ್ಯದಲ್ಲಿ ಏನು ಕಡಿತ, ಮೊದಲ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ದಾಟಿದರು, ಆಮೇಲಿನ ಪರೀಕ್ಷೆಗಳಲ್ಲಿ ಎಷ್ಟು ಎಂದು ಬರೆದಿಟ್ಟರೆ ಸಾಕು. ಹಳೆಯ ವಿದ್ಯಾರ್ಥಿಗಳ ಸಂಘದಿಂದ ನಾವು ಒಂದಿಬ್ಬರು ಪ್ರತಿ ಜೂನ್‌ನಲ್ಲಿ ಬಂದು, ಗುರುಗಳ ಜೊತೆ ಕೂತು, ಎಣಿಕೆಯ ಪಟ್ಟಿ ಮಾಡಿಕೊಡುತ್ತೇವೆ. ಒಂದು ದಿನದ ಕೆಲಸ.

ಊರಿನ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಫಲಿತಾಂಶ ಬಂದ ದಿನ, ಶೇಕಡಾ ಎಷ್ಟು ಎಂದು ಕೇಳುವುದರ ಜೊತೆಗೆ, ಈ ಸಲ ಏನೇನು ಬದಲಾಗಿತ್ತು ಎಂದೂ ಮೇಷ್ಟ್ರನ್ನು ಕೇಳಿ. ಮನೆಯಲ್ಲಿ ಮಗಳು ಅನುತ್ತೀರ್ಣಳಾಗಿದ್ದರೆ, ಅವಳ ಉತ್ತರಪತ್ರಿಕೆಯ ಪ್ರತಿ ತರಿಸಿ, ದೊಡ್ಡ ಪ್ರಶ್ನೆಗಳಲ್ಲಿ ಎಷ್ಟು ಖಾಲಿ ಬಿಟ್ಟಿದ್ದಾಳೆ ಎಂದು ಎಣಿಸಿ. ಎರಡನೆಯ ಪರೀಕ್ಷೆಗೆ ಅವಳನ್ನು ಕೂರಿಸಿ. ಕಡಿಮೆ ಬಿದ್ದ ಅಂಕ ಎಲ್ಲಿ ಹೋಯಿತು ಎಂದು ಗೊತ್ತಾದರೆ ಅದನ್ನು ತರುವುದಕ್ಕೆ ಅಷ್ಟು ದಿನ ಸಾಕು.